ಅರ್ಧ ಕೆಜಿ ಕಾಫಿಪುಡಿ, 16 ಪ್ಯಾಕೆಟ್, ಒಂದು ನಲ್: ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ವಸುಧಾ ಮೇಡಂ ಇವತ್ತು ಸಂಜೆ 7ರಿಂದ 9ರವರೆಗೆ ಇರುತ್ತಾರೆ. ಆಹಾರ ಪ್ಯಾಕಿಂಗ್ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಬಹಳ ವರ್ಷ ಇದ್ದವರು, ಈಗ ಎಂಕಾಂ ಮಕ್ಕಳಿಗೆ ಪಾಠ ಮಾಡುತ್ತಾರೆ. ಹೈಪಾಥಿಸಿಸ್ ಟೆಸ್ಟಿಂಗ್ ಬಗ್ಗೆ ಮಾತ್ರ ಕೇಳಿ. ಗುಡ್ ಈವ್ನಿಂಗ್ ಚಿತ್ರ ಬೇಡ.

ಕಾವ್ಯಾ, ಬಿಕಾಂ: ಮೇಡಂ, ಲೆಕ್ಕದಲ್ಲಿ ಕಂಪನಿ ಏನು ಹೇಳುತ್ತೋ ಅದನ್ನೇ ನಲ್ ಅಂತ ಬರೀಬೇಕಾ? ನಮ್ಮ ಕ್ಲಾಸಲ್ಲಿ ಹಾಗೇ ಹೇಳಿಕೊಟ್ಟಿದ್ದಾರೆ.

ವಸುಧಾ ಮೇಡಂ: ಯಾವಾಗಲೂ ಅಲ್ಲಮ್ಮ. ನಲ್ ಅಂದರೆ ವಿರುದ್ಧ ಆಧಾರ ಸಿಗುವವರೆಗೆ ನಿಜ ಅಂತ ಹಿಡಿದು ಪರೀಕ್ಷೆ ಮಾಡುವ ಹೇಳಿಕೆ. ಸಮ ಚಿಹ್ನೆ ಎಲ್ಲಿದೆಯೋ ಅದು ನಲ್. "ನಮ್ಮ ಬಲ್ಬ್ ಸರಾಸರಿ ಕನಿಷ್ಠ 1000 ಗಂಟೆ ಉರಿಯುತ್ತೆ" ಅಂದರೆ ಅದರೊಳಗೆ ಸಮ ಇದೆ, ನಲ್‌ಗೆ ಹೋಗುತ್ತದೆ. "1000 ಗಂಟೆಗಿಂತ ಜಾಸ್ತಿ ಉರಿಯುತ್ತೆ" ಅಂದರೆ ಅದು ಆಲ್ಟರ್ನೇಟಿವ್. ಅದನ್ನು ಕಂಪನಿಯೇ ಸಾಬೀತು ಮಾಡಬೇಕು.

ರಮೇಶ, ಹಾಸನ: ನಮಸ್ಕಾರ ಮೇಡಂ. ಕಾಫಿಪುಡಿ ಪ್ಯಾಕಿಂಗ್ ಯೂನಿಟ್‌ನಲ್ಲಿ ಸೂಪರ್‌ವೈಸರ್ ನಾನು. 500 ಗ್ರಾಂ ಪ್ಯಾಕೆಟ್. ವರ್ಷದ ರೆಕಾರ್ಡ್ ಪ್ರಕಾರ ಸ್ಟ್ಯಾಂಡರ್ಡ್ ಡೀವಿಯೇಷನ್ 4 ಗ್ರಾಂ. 16 ಪ್ಯಾಕೆಟ್ ತೂಗಿದೆ, ಕವರ್ ತೂಕ ಕಳೆದು ಸರಾಸರಿ 498.2 ಬಂತು. z ಮೈನಸ್ 1.8. ನಾನು 1.96 ಒಳಗಿದೆ, ಪರವಾಗಿಲ್ಲ ಅಂದೆ. ನಮ್ಮ ಅಕೌಂಟೆಂಟ್ 1.645 ದಾಟಿದೆ, ಮೆಷಿನ್ ಕಡಿಮೆ ತುಂಬ್ತಿದೆ ಅಂತಾರೆ. ಯಾರು ಸರಿ?

ವಸುಧಾ ಮೇಡಂ: ಉತ್ತರಕ್ಕೆ ಮೊದಲು ಎರಡು ವಿಷಯ ಹೇಳಿ. ಏನು ಅನುಮಾನ ಬಂದು ತೂಗಿದಿರಿ? ಆ 16 ಪ್ಯಾಕೆಟ್ ಹೇಗೆ ತೆಗೆದಿರಿ?

ರಮೇಶ, ಹಾಸನ: ಇಬ್ಬರು ಅಂಗಡಿಯವರು ತೂಕ ಕಡಿಮೆ ಅಂತ ಫೋನ್ ಮಾಡಿದ್ದರು. ಬೆಳಿಗ್ಗೆ ಲೈನ್ ಶುರುವಾದ ಮೇಲೆ ಸಾಲಾಗಿ ಬಂದ 16 ತೆಗೆದೆ.

ಪ್ರಕಾಶ್, ತುಮಕೂರು: ಇದಕ್ಕೆ ಟೆಸ್ಟೇ ಬೇಡ. 500 ಗ್ರಾಂ ಪ್ಯಾಕೆಟ್‌ಗೆ 15 ಗ್ರಾಂ ಕಡಿಮೆ ಇದ್ದರೂ ಕಾನೂನು ಬಿಡುತ್ತೆ. 498 ಅಂದ್ರೆ ಆರಾಮು.

ವಸುಧಾ ಮೇಡಂ: ಪ್ರಕಾಶ್ ಅವರೇ, 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಲ್ಲಿ ಆ 15 ಗ್ರಾಂ ಇರುವುದು ಒಂದೊಂದು ಪ್ಯಾಕೆಟ್‌ಗೆ. ಸರಾಸರಿ ಬೇರೆ ಮಾತು. ಎಲ್ಲ ಪ್ಯಾಕೆಟ್ಟೂ ಎರಡೆರಡು ಗ್ರಾಂ ಕಡಿಮೆ ಹೋಗಲಿ ಅಂತ ಯಾವ ಕಾನೂನೂ ಹೇಳಿಲ್ಲ.

ರಮೇಶ್, ಈಗ ನಿಮ್ಮದು. ಅಂಗಡಿಯವರ ದೂರು "ಕಡಿಮೆ" ಅಂತ. ಹಾಗಾಗಿ ನಿಮ್ಮ ಪ್ರಶ್ನೆ ಒಂದೇ ಕಡೆಯದು. ನಲ್: ಸರಾಸರಿ 500 ಅಥವಾ ಜಾಸ್ತಿ. ಆಲ್ಟರ್ನೇಟಿವ್: 500ಕ್ಕಿಂತ ಕಡಿಮೆ. 5% ಇಟ್ಟರೆ ಗಡಿ ಮೈನಸ್ 1.645. ನೀವು ಹಿಡಿದ 1.96 ಎರಡೂ ಕಡೆ ನೋಡುವಾಗಿನ ಗಡಿ. ನಿಮ್ಮ ಲೆಕ್ಕದಲ್ಲಿ 4ನ್ನು 16ರ ವರ್ಗಮೂಲದಿಂದ ಭಾಗಿಸಿದರೆ 1 ಗ್ರಾಂ. ಅಂದರೆ ಸರಾಸರಿ 498.355ಕ್ಕಿಂತ ಕೆಳಗೆ ಬಂದರೆ ನಲ್ ಬಿಡಬೇಕು. 498.2 ಕೆಳಗೇ ಇದೆ. ಈ ಮಟ್ಟಿಗೆ ಅಕೌಂಟೆಂಟ್ ಸರಿ.

ಆದರೆ ಅವರು 1.645 ಅನ್ನುವುದನ್ನು ತೂಗುವ ಮೊದಲು ಹೇಳಿದ್ದರಾ, ಮೈನಸ್ 1.8 ನೋಡಿದ ಮೇಲೆ ಹೇಳಿದರಾ? ನೋಡಿದ ಮೇಲೆ ಯಾವ ಕಡೆ ವಾಲಿದೆಯೋ ಆ ಕಡೆಯ ಒನ್ ಟೇಲ್ ಹಿಡಿದರೆ ನೀವು 5% ಅಂತ ಬರೆದುಕೊಂಡಿರುತ್ತೀರಿ, ನಿಜದಲ್ಲಿ ಟೈಪ್ ಒನ್ ತಪ್ಪಿಗೆ, ಅಂದರೆ ನಲ್ ನಿಜವಿದ್ದರೂ ಕೈಬಿಡುವ ತಪ್ಪಿಗೆ, 10% ಜಾಗ ಕೊಟ್ಟಿರುತ್ತೀರಿ. ನಿಮ್ಮಲ್ಲಿ ದೂರು ಮೊದಲೇ ಬಂದಿತ್ತು, ಹಾಗಾಗಿ ಈ ಸಲ ಬಚಾವ್.

ನನಗೆ ನಿಜವಾಗಿ ಭಯ ಆಗಿದ್ದು ನಿಮ್ಮ "ಪರವಾಗಿಲ್ಲ" ಅನ್ನುವ ಮಾತಿಗೆ. ಗಡಿ ದಾಟಲಿಲ್ಲ ಅಂದ ಮಾತ್ರಕ್ಕೆ ತೂಕ ಸರಿಯಿದೆ ಅಂತ ಆಗುವುದಿಲ್ಲ. ಮೆಷಿನ್ ನಿಜಕ್ಕೂ ಸರಾಸರಿ 498 ತುಂಬುತ್ತಿದೆ ಅಂತಿಟ್ಟುಕೊಳ್ಳಿ. ಆಗ 16 ಪ್ಯಾಕೆಟ್‌ನ ಸರಾಸರಿ 498.355ಕ್ಕಿಂತ ಮೇಲೆ ಬಂದುಬಿಡುವ ಸಾಧ್ಯತೆ ಸುಮಾರು 36%. ನೂರು ಸಲ ಹೀಗೆ ತೂಗಿದರೆ 36 ಸಲ ಕಡಿಮೆ ತುಂಬುವ ಮೆಷಿನ್‌ಗೆ ನೀವೇ ಸರ್ಟಿಫಿಕೇಟ್ ಕೊಡುತ್ತೀರಿ. ಇದೇ ಟೈಪ್ ಟು. ನೀವು ಮಾಡಿದ ಹಾಗೆ 1.96 ಹಿಡಿದರೆ ಇನ್ನೂ ಜಾಸ್ತಿ, ಹೆಚ್ಚುಕಡಿಮೆ ಅರ್ಧಕ್ಕರ್ಧ. ನಷ್ಟ ಗಿರಾಕಿಗೆ, ಆಮೇಲೆ ನಿಮ್ಮ ಹೆಸರಿಗೆ.

ಟೈಪ್ ಒನ್ ಆದರೆ ನಷ್ಟ ಮಾಲೀಕರಿಗೆ. ಮೆಷಿನ್ ಸರಿಯಿದ್ದರೂ ಕಡಿಮೆ ಅಂದುಕೊಂಡು 2 ಗ್ರಾಂ ಏರಿಸಿಬಿಡುತ್ತೀರಿ. ದಿನಕ್ಕೆ ಎಷ್ಟು ಪ್ಯಾಕೆಟ್ ನಿಮ್ಮಲ್ಲಿ?

ರಮೇಶ, ಹಾಸನ: 3000 ಮೇಡಂ.

ವಸುಧಾ ಮೇಡಂ: ಹಾಗಾದರೆ ದಿನಕ್ಕೆ 6 ಕೆಜಿ ಪುಡಿ ಸುಮ್ನೆ ಹೋಯಿತು.

ನವೀನ್: ಮೇಡಂ ಆ 36% ಎಕ್ಸೆಲ್‌ನಲ್ಲಿ ಹೇಗೆ?

ವಸುಧಾ ಮೇಡಂ:
```
=1-NORM.S.DIST((498.355-498)/(4/SQRT(16)),TRUE)
```
498ರ ಜಾಗದಲ್ಲಿ ಬೇರೆ ಬೇರೆ ತೂಕ ಹಾಕಿ ನೋಡಿ. ಟೈಪ್ ಟು ಒಂದೇ ಒಂದು ಸಂಖ್ಯೆ ಅಲ್ಲ. ಮೆಷಿನ್ ಎಷ್ಟು ತಪ್ಪಿದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ.

ಪ್ರಕಾಶ್, ತುಮಕೂರು: *ಫಾರ್ವರ್ಡ್ ಮಾಡಿದ ಸಂದೇಶ:* ಪರೀಕ್ಷೆಗೆ ರಾಮಬಾಣ! ಟೈಪ್ ಒನ್ ಯಾವಾಗಲೂ ಟೈಪ್ ಟುಗಿಂತ ಅಪಾಯ. 5% ಬದಲು 1% ಇಟ್ಟರೆ ಎರಡೂ ತಪ್ಪು ಕಮ್ಮಿ! ಎಲ್ಲರಿಗೂ ಹಂಚಿ 🙏

ವಸುಧಾ ಮೇಡಂ: ಹಂಚಬೇಡಿ. ದಯವಿಟ್ಟು ಯಾರೂ ಹಂಚಬೇಡಿ. ಇದು ಪ್ರತಿ ಸೆಮಿಸ್ಟರ್ ಬರುತ್ತದೆ, ಪ್ರತಿ ಸೆಮಿಸ್ಟರ್ ಉತ್ತರಪತ್ರಿಕೆಯಲ್ಲಿ ಓದಿ ನನ್ನ ತಲೆ ಕೆಡುತ್ತದೆ. ಇದೇ ಕಾಫಿಪುಡಿಯಲ್ಲೇ ನೋಡಿ. 1% ಇಟ್ಟರೆ ಗಡಿ 497.67ಕ್ಕೆ ಇಳಿಯುತ್ತದೆ. ಮೆಷಿನ್ 498 ತುಂಬುತ್ತಿದ್ದರೂ ಹಿಡಿಯದೆ ಬಿಡುವ ಸಾಧ್ಯತೆ 36%ರಿಂದ 63%ಕ್ಕೆ ಹಾರುತ್ತದೆ. ಅಷ್ಟೇ ಪ್ಯಾಕೆಟ್ ಇಟ್ಟುಕೊಂಡು ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಯಾವುದು ಹೆಚ್ಚು ಅಪಾಯ ಅನ್ನುವುದು ಆ ಕೇಸಿನಲ್ಲಿ ಯಾರ ಜೇಬು, ಯಾರ ಜೀವ ಅನ್ನುವುದರ ಮೇಲೆ. "ಯಾವಾಗಲೂ" ಅಂತ ಇರುವ ಫಾರ್ವರ್ಡ್ ಕಂಡರೆ ಅಲ್ಲೇ ಅಳಿಸಿ.

ಪ್ರಕಾಶ್, ತುಮಕೂರು: ಒಳ್ಳೇದಕ್ಕೆ ಕಳಿಸಿದ್ದು ಮೇಡಂ.

ಸಲ್ಮಾ, ಬೇಕರಿ: ನಾನು ಭಾನುವಾರ ಪಫ್ಸ್‌ಗೆ ಆಫರ್ ಕೊಟ್ಟೆ, ಮಾರಾಟ ಜಾಸ್ತಿ ಆಯ್ತು. ಇದು ಟೈಪ್ ಒನ್ನಾ ಟೈಪ್ ಟೂನಾ?

ವಸುಧಾ ಮೇಡಂ: ಯಾವುದೂ ಅಲ್ಲ. ತೀರ್ಮಾನ ಮಾಡಿದ ಮೇಲೆ ತಾನೇ ತಪ್ಪಾಗುವುದು? ಅದೂ ಒಂದೇ ಭಾನುವಾರ.

ಸಲ್ಮಾ, ಬೇಕರಿ: ತೀರ್ಮಾನ ಮಾಡಿದೀನಲ್ಲ, ಪ್ರತಿ ಭಾನುವಾರ ಆಫರ್ ಅಂತ ಬೋರ್ಡೇ ಹಾಕಿಬಿಟ್ಟೆ.

ಹರ್ಷ, ಎಂಕಾಂ: ರಮೇಶಣ್ಣ, ನೀವು "ನಲ್ ಅಕ್ಸೆಪ್ಟ್" ಅಂತ ಎಲ್ಲೂ ಬರೀಬೇಡಿ. "ರಿಜೆಕ್ಟ್ ಮಾಡಲು ಆಗಲಿಲ್ಲ" ಅಂತಲೇ ಬರೀಬೇಕು. ಅಕ್ಸೆಪ್ಟ್ ಅನ್ನೋದು ಶುದ್ಧ ತಪ್ಪು.

ಗೋಪಾಲರಾಯರು, ನಿವೃತ್ತ ಕ್ಯೂಸಿ: ರಮೇಶ ಎಲ್ಲಿ ಬರೆದಿದ್ದಾನೆ ಹಾಗೆ? ಇರಲಿ. ನಾನು ಲಾರಿಗಟ್ಟಲೆ ಮಾಲಿನ ಮೇಲೆ "ಅಕ್ಸೆಪ್ಟೆಡ್" ಸೀಲ್ ಒತ್ತಿದ್ದೀನಪ್ಪ. ಗೇಟ್ ಹತ್ತಿರ ನಿಂತ ಡ್ರೈವರ್‌ಗೆ "ನಿನ್ನ ಮಾಲು ರಿಜೆಕ್ಟ್ ಮಾಡಲು ಆಗಲಿಲ್ಲ" ಅಂತ ಚೀಟಿ ಕೊಡ್ಲಾ?

ಹರ್ಷ, ಎಂಕಾಂ: ಸರ್ ಅದು ಹಳೇ ಪದ್ಧತಿ. ಈಗ ಯಾರೂ ಒಪ್ಪಲ್ಲ.

ಗೋಪಾಲರಾಯರು, ನಿವೃತ್ತ ಕ್ಯೂಸಿ: ಹಳೇ ಪದ್ಧತಿ ಅಂತೆ. ಟೈಪ್ ಒನ್, ಟೈಪ್ ಟು ಅಂತ ಎರಡು ತಪ್ಪು ಲೆಕ್ಕ ಹಾಕಿಕೊಟ್ಟಿದ್ದೇ ನೇಯ್ಮನ್ ಮತ್ತು ಪಿಯರ್ಸನ್. ಅವರೇ ಅಕ್ಸೆಪ್ಟ್ ಅಂತ ಬರೆದಿದ್ದಾರೆ. ನಿನ್ನ ಗೈಡ್ ಬಿಟ್ಟು ಬೇರೆ ಓದು.

ಹರ್ಷ, ಎಂಕಾಂ: ಗೈಡ್ ಓದಿ ಬಂದಿಲ್ಲ ಸರ್. ಫಿಶರ್ ನಲ್ ಸಾಬೀತಾಗಲ್ಲ ಅಂತ 1935ರಲ್ಲೇ ಹೇಳಿದ್ದಾರೆ. ನೀವು ಬೇಕಾದರೆ ಸೀಲ್ ಒತ್ತಿ.

ಕಾವ್ಯಾ, ಬಿಕಾಂ: ಪರೀಕ್ಷೆಯಲ್ಲಿ ಯಾವುದು ಬರೀಬೇಕು? 😭

ವಸುಧಾ ಮೇಡಂ: ಇಬ್ಬರೂ ಅರ್ಧರ್ಧ ಸರಿ. ಫಿಶರ್ ಕೇಳಿದ್ದು "ಈ ಮಾಹಿತಿಯಿಂದ ಏನು ನಂಬಬಹುದು" ಅಂತ. ನೇಯ್ಮನ್, ಪಿಯರ್ಸನ್ 1933ರಲ್ಲಿ ಕೇಳಿದ್ದು "ಈಗ ಏನು ಮಾಡಬೇಕು" ಅಂತ. ಲಾರಿ ಬಿಡಬೇಕೋ ಬೇಡವೋ ಅನ್ನುವಾಗ ಅಕ್ಸೆಪ್ಟ್ ಅಂದರೆ "ಬಿಡಿ" ಅಂತ ಅಷ್ಟೇ, ಮಾಲು ಒಳ್ಳೆಯದು ಅಂತ ಸಾಬೀತಾಯಿತು ಅಂತಲ್ಲ. ಜೊತೆಗೆ ರಾಯರು ಸೀಲ್ ಒತ್ತುವ ಮೊದಲು ಟೈಪ್ ಟು ಎಷ್ಟು ಅಂತ ಸ್ಯಾಂಪ್ಲಿಂಗ್ ಪ್ಲ್ಯಾನ್‌ನಲ್ಲೇ ಲೆಕ್ಕ ಹಾಕಿರುತ್ತಾರೆ. ರಮೇಶ್ ಹಾಕಿರಲಿಲ್ಲ. ಕಾವ್ಯಾ, ನೀನು "ರಿಜೆಕ್ಟ್ ಮಾಡಲು ಸಾಕಷ್ಟು ಆಧಾರ ಇಲ್ಲ" ಅಂತ ಬರಿ.

ಹರ್ಷ, ಎಂಕಾಂ: ಅಂದರೆ ನಾನು ಹೇಳಿದ್ದೇ ಆಯ್ತಲ್ಲ.

ಗೋಪಾಲರಾಯರು, ನಿವೃತ್ತ ಕ್ಯೂಸಿ: ಓದಲು ಬರುತ್ತಾ ಇಲ್ವಾ ಇವನಿಗೆ?

ಅಡ್ಮಿನ್: ರಾಯರೇ, ಹರ್ಷ, ಇಬ್ಬರೂ ಸಾಕು.

ಮಹೇಶ್: ಟೈಪ್ ಟು ಅಂದ್ರೆ 95% ಅಲ್ವಾ? 100ರಲ್ಲಿ 5 ಕಳೆದರೆ?

ವಸುಧಾ ಮೇಡಂ: ಅಲ್ಲ. ಆ 95% ನಲ್ ನಿಜವಾಗಿದ್ದಾಗಿನ ಮಾತು. ಮೇಲೆ ಓದಿ.

ದಿವ್ಯಾ: ಮೇಡಂ, ಸಿಗ್ಮಾ ಗೊತ್ತಿಲ್ಲದೆ 16 ಪ್ಯಾಕೆಟ್‌ನಿಂದಲೇ ತೆಗೆದರೆ t ಟೆಸ್ಟ್ ಅಲ್ವಾ?

ಪೂರ್ಣಿಮಾ: ಟೈಪ್ ಒನ್ ಟೈಪ್ ಟು ವ್ಯತ್ಯಾಸ ಒಂದೇ ಸಾಲಿನಲ್ಲಿ ಹೇಳಿ ಮೇಡಂ ಪ್ಲೀಸ್.

ವಸುಧಾ ಮೇಡಂ: ಮೇಲಿದೆ.

ರಮೇಶ, ಹಾಸನ: ಮೇಡಂ, ಮಾಲೀಕರಿಗೆ ತೋರಿಸಿದೆ. ಹಾಗಾದರೆ ಕಡಿಮೆ ಅಂತ ಸಾಬೀತಾಯ್ತು, ನಾಳೆಯೇ 2 ಗ್ರಾಂ ಏರಿಸು ಅಂತಾರೆ.

ವಸುಧಾ ಮೇಡಂ: ಏರಿಸಬೇಡಿ! ನನ್ನ ಎರಡನೇ ಪ್ರಶ್ನೆಗೆ ನಾನೇ ಬರಲಿಲ್ಲ, ಅಕ್ಸೆಪ್ಟ್ ಜಗಳದಲ್ಲಿ ತಪ್ಪಿಹೋಯಿತು. ನಿಮ್ಮ 16 ಪ್ಯಾಕೆಟ್ ಸಾಲಾಗಿ ಬಂದವು. ಮೆಷಿನ್‌ನಲ್ಲಿ ಸ್ಕ್ರೂ ತಿರುಗಿ ಪುಡಿ ಬೀಳುತ್ತದೆ ತಾನೇ? ಅದು ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಮೇಲಿನ ಹಾಪರ್ ತುಂಬಿದ್ದಾಗ ಪುಡಿ ಒತ್ತಿಕೊಂಡು ಜಾಸ್ತಿ ತೂಕ ಬೀಳುತ್ತದೆ, ಖಾಲಿಯಾಗುತ್ತ ಬಂದಾಗ ಸಡಿಲವಾಗಿ ಕಡಿಮೆ ಬೀಳುತ್ತದೆ. ಪುಡಿಯ ನುಣುಪು ಬದಲಾದರೂ ಹಾಗೇ. ಸಾಲಾಗಿ ಬಂದ 16 ಅಣ್ಣತಮ್ಮಂದಿರ ಹಾಗೆ, ಒಂದು ಕಡಿಮೆ ಇದ್ದರೆ ಪಕ್ಕದ್ದೂ ಕಡಿಮೆ. ಲೆಕ್ಕ ಮಾತ್ರ ಅವು ಒಂದಕ್ಕೊಂದು ಸಂಬಂಧ ಇಲ್ಲದ 16 ಅಂದುಕೊಂಡು 1 ಗ್ರಾಂ ಅಂತ ಕೊಟ್ಟಿದೆ. ಆ z ಹೇಳುವುದು ಆ ಕೆಲವೇ ನಿಮಿಷದ ಕಥೆ, ಮೆಷಿನ್‌ನ ಕಥೆ ಅಲ್ಲ. 1.96, 1.645 ಅಂತ ನೀವಿಬ್ಬರು ಜಗಳ ಆಡಿದ್ದೇ ದಂಡ.

ಹೀಗೆ ಮಾಡಿ. ಅರ್ಧ ಗಂಟೆಗೆ ಒಂದು ಪ್ಯಾಕೆಟ್, ಒಂಬತ್ತು ಗಂಟೆ. ದಿನಕ್ಕೆ 18, ಎರಡು ದಿನಕ್ಕೆ 36. ಸಮಯ, ಹಾಪರ್ ಎಷ್ಟು ತುಂಬಿತ್ತು, ಎರಡನ್ನೂ ಪಕ್ಕದಲ್ಲಿ ಬರೆಯಿರಿ. ಒನ್ ಟೇಲ್, 5%, ಗಡಿ 498.9 ಅಂತ ತೂಗುವ ಮೊದಲೇ ಬರೆದು ಮಾಲೀಕರ ಸಹಿ ಹಾಕಿಸಿ. 36 ಆದರೆ 498 ತುಂಬುವ ಮೆಷಿನ್ ತಪ್ಪಿಸಿಕೊಳ್ಳುವ ಸಾಧ್ಯತೆ 9%ಕ್ಕೆ ಇಳಿಯುತ್ತದೆ. ಹಳೆಯ 16 ಇದಕ್ಕೆ ಸೇರಿಸಬೇಡಿ.

ರಮೇಶ, ಹಾಸನ: ಒಂಬತ್ತು ಗಂಟೆಯೂ ನಾನೇ ನಿಲ್ಲಬೇಕಾ ಮೇಡಂ?

ವಸುಧಾ ಮೇಡಂ: ನೀವೇ. ಆಪರೇಟರ್ ಕೈಗೆ ಕೊಟ್ಟರೆ ತುಂಬಿದ ಪ್ಯಾಕೆಟ್ಟನ್ನೇ ಆರಿಸಿ ಕೊಡುತ್ತಾನೆ.

ಪ್ರಕಾಶ್, ತುಮಕೂರು: ಇಷ್ಟೆಲ್ಲ ಯಾಕೆ, 2 ಗ್ರಾಂ ಏರಿಸಿದರೆ ಮುಗೀತು. ಗಿರಾಕಿ ಖುಷಿ.

ಗೋಪಾಲರಾಯರು, ನಿವೃತ್ತ ಕ್ಯೂಸಿ: ದಿನಾ 6 ಕೆಜಿ ಪುಡಿ ನಿಮ್ಮ ಮನೆಯಿಂದ ಕಳಿಸಿಕೊಡಿ ಹಾಗಾದರೆ.

ಅಡ್ಮಿನ್: 9 ಗಂಟೆ ದಾಟಿತು. ಮೇಡಂ ಆಫ್‌ಲೈನ್.

ದಿವ್ಯಾ: ನನ್ನ t ಟೆಸ್ಟ್ ಪ್ರಶ್ನೆ?

ಪೂರ್ಣಿಮಾ: ಮೇಡಂ, ಮೇಲೆ ಎಲ್ಲಿ? ಸಿಗ್ತಾ ಇಲ್ಲ.