ಸಹಾಯ ಬೇಕು: ನಷ್ಟದಿಂದ ಲಾಭಕ್ಕೆ ಬಂದ ವರ್ಷದ ಶೇಕಡಾವಾರು ಬದಲಾವಣೆ ತೋರಿಸುವುದು ಹೇಗೆ?

ನಮ್ಮ ಪತ್ತಿನ ಸಹಕಾರ ಸಂಘದ ವಾರ್ಷಿಕ ವರದಿಗಳಲ್ಲಿ ಆಸ್ತಿ-ಜವಾಬ್ದಾರಿ ತಃಖ್ತೆ, ಲಾಭ-ನಷ್ಟ ತಃಖ್ತೆ ಮತ್ತು ಆಡಳಿತ ಮಂಡಳಿಯ ವರದಿಯೊಳಗೆ ಚದುರಿಹೋಗಿರುವ ಷೇರು ಬಂಡವಾಳ, ಠೇವಣಿ, ಸಾಲ ಹಾಗೂ ನಿವ್ವಳ ಲಾಭದ ಅಂಕಿಗಳನ್ನು, ವರ್ಷಕ್ಕೊಂದು ಕಾಲಂನಂತೆ ಎಕ್ಸೆಲ್‌ನಲ್ಲಿ ಒಂದೇ ಪಟ್ಟಿಗೆ ತಂದಿದ್ದೇನೆ. ಪಕ್ಕದಲ್ಲಿ ಬದಲಾವಣೆಯ ಮೊತ್ತಕ್ಕೊಂದು, ಶೇಕಡಾವಾರಿಗೊಂದು ಕಾಲಂ ಇದೆ.

ಠೇವಣಿ, ಸಾಲಗಳ ಸಾಲುಗಳಿಗೆ ಈ ಸೂತ್ರ ಸರಿಯಾಗಿ ಹೊಂದುತ್ತದೆ:

```
=(C5-B5)/B5
```

ತೊಡಕಿರುವುದು ನಿವ್ವಳ ಲಾಭದ ಸಾಲಿನಲ್ಲಿ ಮಾತ್ರ. 2021-22ರಲ್ಲಿ 40,000 ರೂಪಾಯಿ ನಷ್ಟ, 2022-23ರಲ್ಲಿ 60,000 ರೂಪಾಯಿ ಲಾಭ. ಒಂದು ಲಕ್ಷದಷ್ಟು ಸುಧಾರಣೆಯಾಗಿದ್ದರೂ, ಭಾಜಕ ಋಣಾತ್ಮಕವಾಗಿರುವುದರಿಂದ ಉತ್ತರ -250% ಎಂದು ಬರುತ್ತದೆ. ಭಾಜಕವನ್ನು `ABS(B5)` ಮಾಡಿದರೆ ಚಿಹ್ನೆಯೇನೋ ಸರಿಹೋಗುತ್ತದೆ, ಆದರೆ ಸರ್ವಸದಸ್ಯರ ಸಭೆಯಲ್ಲಿ ‘ಲಾಭ ಶೇ. 250 ಹೆಚ್ಚಿದೆ’ ಎಂದು ಓದಿದರೆ ಹಿಂದಿನ ವರ್ಷವೂ ಲಾಭವಿತ್ತೆಂದೇ ಸದಸ್ಯರು ತಿಳಿಯುತ್ತಾರೆ.

ಇಂತಹ ಸಾಲಿನಲ್ಲಿ ಮೊತ್ತದ ಬದಲಾವಣೆಯನ್ನಷ್ಟೇ ಕೊಟ್ಟು, ಶೇಕಡಾ ಕಾಲಂನಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆಯುವುದು ಲೆಕ್ಕಪರಿಶೋಧಕರಿಗೆ ಒಪ್ಪಿಗೆಯಾಗುತ್ತದೆಯೇ? ಹಿಂದಿನ ವರ್ಷ ನಷ್ಟವಿದ್ದಾಗ ಮಾತ್ರ ಆ ಪದ ತಾನಾಗಿಯೇ ಬರುವಂತೆ `IF` ಸೂತ್ರವನ್ನು ಹೇಗೆ ಬರೆಯಬೇಕು?