ಸಂಬಳ ಪರಿಷ್ಕರಣೆ: 20 ಲಕ್ಷದ ಮಿತಿಯಲ್ಲಿ ಮಾತುಕತೆಗೆ ಹೇಗೆ ಸಿದ್ಧವಾಗುವುದು?

ಕೇಳಿದವರು: ದಾವಣಗೆರೆ ಹತ್ತಿರದ ನೂಲಿನ ಮಿಲ್, 120 ಕಾಯಂ ಕಾರ್ಮಿಕರು. ಮೂರು ವರ್ಷದ ಒಪ್ಪಂದ ಮಾರ್ಚ್‌ಗೆ ಮುಗಿಯುತ್ತೆ. ಸಂಘ ತಿಂಗಳಿಗೆ 4,000 ಕೇಳಿದೆ. ಮೊದಲ ವರ್ಷ 20 ಲಕ್ಷ ದಾಟಬಾರದು ಅಂತ ಮಾಲೀಕರು ಹೇಳಿದಾರೆ. ಸರಾಸರಿ ಬೇಸಿಕ್ ಮತ್ತು ಡಿಎ ಸೇರಿ 13,000, ಒಟ್ಟು ಸಂಬಳ 16,500. ಏನೇನು ಲೆಕ್ಕ ಮಾಡ್ಕೊಂಡು ಕೂರಬೇಕು?

ಹರಿಹರದ ಲೆಕ್ಕಪತ್ರದವರು: ಮೊದಲು ಬೇಸಿಕ್‌ಗೆ ಸೇರಿಸುವ 1,000 ರೂಪಾಯಿ ನಿಮಗೆ ನಿಜವಾಗಿ ಎಷ್ಟಕ್ಕೆ ಬೀಳುತ್ತೆ ಅಂತ ನೋಡಿ. ಮಾಲೀಕರ ಪಾಲಿನ ಪಿಎಫ್, ವಿಮೆ ಮತ್ತು ಆಡಳಿತ ಶುಲ್ಕ ಸೇರಿ 130, ಇಎಸ್‌ಐ 32.50, ಗ್ರಾಚ್ಯುಟಿಗೆ ತೆಗೆದಿಡಬೇಕಾದ್ದು ಸುಮಾರು 48. ಅಲ್ಲಿಗೆ 1,210. ಇದನ್ನು 120 ಜನಕ್ಕೆ, 12 ತಿಂಗಳಿಗೆ ಹಾಕಿದರೆ 17.42 ಲಕ್ಷ. ಮೇಲೆ ಓಟಿ ಇದೆ. ತಿಂಗಳಿಗೆ 208 ಗಂಟೆ ಹಿಡಿದರೆ 1,000 ಹೆಚ್ಚಾದಾಗ ದುಪ್ಪಟ್ಟು ದರದ ಒಂದು ಗಂಟೆ ಸುಮಾರು 9.60 ಏರುತ್ತೆ. ತಿಂಗಳಿಗೆ 1,500 ಗಂಟೆ ಓಟಿ ಮಾಡಿಸುವ ಮಿಲ್ ಆದರೆ ವರ್ಷಕ್ಕೆ ಇನ್ನೂ 1.73 ಲಕ್ಷ. ಅಂದರೆ 19 ಲಕ್ಷ ದಾಟಿತು, ನಿಮ್ಮ ಮೊದಲ ವರ್ಷದ ಮಿತಿ ಅಲ್ಲಿಗೇ ಮುಗಿಯಿತು. 4,000ಕ್ಕೆ ಬರೀ ಸಂಬಳವೇ 57.60 ಲಕ್ಷ.

ಈ ಲೆಕ್ಕವನ್ನು ಸರಾಸರಿ ಮೇಲೆ ಮಾಡಿ ನಿಲ್ಲಿಸಬೇಡಿ, ಒಬ್ಬೊಬ್ಬರ ಹೆಸರಿನ ಮುಂದೆ ಹಾಕಿ. ಪಿಎಫ್ ಅನ್ನು 15,000 ಮಿತಿಗೆ ಕಟ್ಟುತ್ತಿದ್ದರೆ, ಆ ಮಿತಿ ದಾಟಿದ ಹಳೆಯ ಫಿಟ್ಟರ್‌ಗೆ ಪಿಎಫ್ ಹೆಚ್ಚಾಗಲ್ಲ. ಇನ್ನು ಒಟ್ಟು ಸಂಬಳ 21,000ದ ಅಂಚಿನಲ್ಲಿರುವವರನ್ನು ಬೇರೆ ಪಟ್ಟಿ ಮಾಡಿ. ಹೆಚ್ಚಳದಿಂದ ಅವರು ಇಎಸ್‌ಐ ಹೊರಗೆ ಹೋಗ್ತಾರೆ. ಆಸ್ಪತ್ರೆ ಸೌಲಭ್ಯ ಕಳೆದುಕೊಂಡವರಿಗೆ ಬೇರೆ ವಿಮೆ ಬೇಕು ಅಂತ ಸಂಘ ಕೇಳಿದಾಗ ಆ ಖರ್ಚು ಎಲ್ಲಿಂದ ತರ್ತೀರಿ?

ಚಿತ್ರದುರ್ಗದಿಂದ ಒಬ್ಬರು: ಹೆಚ್ಚಳಾನ ಅಲೋಯನ್ಸ್‌ನಾಗ ಹಾಕ್ರಿ. ಪಿಎಫ್, ಗ್ರಾಚ್ಯುಟಿ ಎರಡೂ ಉಳೀತಾವ. ಮತ್ತ 8.33 ಬೋನಸ್ ಮರ್ತೀರಿ, ಅದನ್ನೂ ಕೂಡಸ್ರಿ.

ಹರಿಹರದ ಲೆಕ್ಕಪತ್ರದವರು: ಬೋನಸ್ ಮರೆತಿಲ್ಲ. ಕಾನೂನು ಪ್ರಕಾರ ಲೆಕ್ಕ ಹಾಕುವುದು 7,000 ಅಥವಾ ಕನಿಷ್ಠ ವೇತನ, ಯಾವುದು ಹೆಚ್ಚೋ ಅದರ ಮೇಲೆ. ನಿಮ್ಮ ಮಿಲ್‌ನಲ್ಲಿ ಪೂರ್ತಿ ಸಂಬಳದ ಮೇಲೆ ಕೊಡುವ ರೂಢಿ ಇದ್ದರೆ ಮಾತ್ರ 83 ಸೇರಿಸಿ. ಅಲೋಯನ್ಸ್ ವಿಷಯ ಅರ್ಧ ಸರಿ. ಮನೆಬಾಡಿಗೆ ಭತ್ಯೆಗೆ ಪಿಎಫ್ ಇಲ್ಲ. ಆದರೆ ‘ವಿಶೇಷ ಭತ್ಯೆ’ ಅಂತ ಎಲ್ಲರಿಗೂ ಒಂದೇ ಥರ ಕೊಟ್ಟರೆ 2019ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಿಎಫ್ ತಪ್ಪಲ್ಲ. 1,000ದಲ್ಲಿ 400 ಮನೆಬಾಡಿಗೆಗೆ ಹಾಕಿದರೂ ಉಳಿಯುವುದು ವರ್ಷಕ್ಕೆ ಒಂದು ಲಕ್ಷ ಚಿಲ್ಲರೆ. ಅದಕ್ಕಾಗಿ ನಿವೃತ್ತಿ ಹತ್ತಿರ ಇರುವವರ ಗ್ರಾಚ್ಯುಟಿ ಕಡಿಮೆ ಮಾಡಿ, ಮೊದಲ ಸಭೆಯಲ್ಲೇ ನಂಬಿಕೆ ಕಳೆದುಕೊಳ್ಳುವುದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಎಪಿಎಂಸಿಯಿಂದ ಒಬ್ಬರು: ನಮ್ಮಲ್ಲಿ ಹಮಾಲರು ಮೂಟೆಗೆ ಇಷ್ಟು ಅಂತ ದರ ಏರಿಸಿ ಅಂತಿದಾರೆ. ಇದೇ ಲೆಕ್ಕ ಹಾಕಬಹುದಾ ಅಣ್ಣಾ?

ಹರಿಹರದ ಲೆಕ್ಕಪತ್ರದವರು: ಆಗಲ್ಲ. ನಿಮ್ಮದು ಸೀಸನ್‌ನಲ್ಲಿ ಎಷ್ಟು ಮೂಟೆ ಇಳಿಯುತ್ತೆ ಅನ್ನೋದರ ಮೇಲೆ ನಿಂತ ಲೆಕ್ಕ.

ಸಂಘದ ಕಡೆಯವರು: ಸಂಘ ಹಂತ ಹಂತವಾಗಿ ಏರಿಸುವುದಕ್ಕೆ ಒಪ್ಪುತ್ತೆ, ಆದರೆ ಮೊದಲ ಕಂತು ದೊಡ್ಡದಿರಬೇಕು. 300, 500, 1,200 ಅಂತ ತಂದರೆ ಗೇಟ್ ಮೀಟಿಂಗ್‌ನಲ್ಲಿ ಅದನ್ನು ಹೇಳೋಕೆ ನಮಗೆ ಮುಖ ಇರಲ್ಲ.

ಹರಿಹರದ ಲೆಕ್ಕಪತ್ರದವರು: ಒಪ್ಪುವ ಮಾತು. 1,000, 500, 500 ಹಿಡಿಯಿರಿ. ಓಟಿ ಬಿಟ್ಟು ಮೂರು ವರ್ಷಕ್ಕೆ 17.42, 26.14, 34.85, ಒಟ್ಟು 78.41 ಲಕ್ಷ. 2,000 ಒಂದೇ ಸಲ ಕೊಟ್ಟರೆ 104.54 ಲಕ್ಷ. 26 ಲಕ್ಷ ಉಳಿಯುತ್ತೆ, ಆದರೆ ಮೂರನೇ ವರ್ಷದ ಮಟ್ಟ ಎರಡರಲ್ಲೂ ಒಂದೇ. ಮುಂದಿನ ಒಪ್ಪಂದ ಶುರುವಾಗುವುದೂ ಆ ಮಟ್ಟದಿಂದಲೇ. ಅದಕ್ಕೇ ಮೊದಲ ವರ್ಷದ ಮಿತಿ ಸಾಲದು, ಮೂರನೇ ವರ್ಷಕ್ಕೂ ಒಂದು ಮಿತಿ ಮಾಲೀಕರಿಂದ ಈಗಲೇ ಬರೆಸಿಕೊಳ್ಳಿ. ಮಾತುಕತೆ ಸೆಪ್ಟೆಂಬರ್‌ವರೆಗೆ ಎಳೆದರೆ ಆರು ತಿಂಗಳ ಬಾಕಿ 8.71 ಲಕ್ಷ ಒಂದೇ ತಿಂಗಳಲ್ಲಿ ಕೈಯಿಂದ ಹೋಗುತ್ತೆ. ಏಪ್ರಿಲ್‌ನಿಂದಲೇ ತಿಂಗಳಿಗೆ 1.45 ಲಕ್ಷ ಬೇರೆ ಎತ್ತಿಡಿ.

ಬಜೆಟ್ ಒಡೆಯುವ ದೊಡ್ಡ ಜಾಗ ಮಾತ್ರ ಇನ್ನೊಂದಿದೆ. ರಾಜ್ಯದ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ. ಅದು ನೀವು ಒಪ್ಪಿದ ಹೆಚ್ಚಳದೊಳಗೇ ಸೇರುತ್ತೋ, ಅದರ ಮೇಲೋ ಅನ್ನುವುದು ಒಪ್ಪಂದದಲ್ಲಿ ಸ್ಪಷ್ಟವಾಗಿ ಇರಬೇಕು. ಸೇರುತ್ತೆ ಅಂತ ಬರೆದರೂ ಕನಿಷ್ಠ ವೇತನಕ್ಕಿಂತ ಕೆಳಗೆ ಯಾರೂ ಇಳಿಯುವಂತಿಲ್ಲ.

ಸಂಘದ ಕಡೆಯವರು: ಅದನ್ನ ಒಳಗೆ ಸೇರಿಸ್ತೀವಿ ಅಂದ್ರೆ ಏಪ್ರಿಲ್ ಬಂದಾಗ ನಿಮ್ಮ 500 ಎಲ್ಲಿ ಹೋಯ್ತು ಅಂತ ಕಾರ್ಮಿಕರು ನಮ್ಮನ್ನೇ ಕೇಳ್ತಾರೆ. ನಾವು ಸಹಿ ಹಾಕಲ್ಲ.

ಹರಿಹರದ ಲೆಕ್ಕಪತ್ರದವರು: ಹಾಗಿದ್ದರೆ ಹಿಂದಿನ ಮೂರು ಏಪ್ರಿಲ್‌ಗಳಲ್ಲಿ ಎಷ್ಟು ಏರಿದೆ ಅಂತ ಇಬ್ಬರೂ ಒಟ್ಟಿಗೆ ತೆಗೆದು ನೋಡಿ. ಅರ್ಧ ಒಳಗೆ, ಅರ್ಧ ಮೇಲೆ ಅಂತ ಮಾಡಿಕೊಳ್ಳಬಹುದು. ಆಗ ಮೂರನೇ ಕಂತು 500 ಉಳಿಯಲ್ಲ.

ಸಂಘದ ಕಡೆಯವರು: ಉಳಿಯಲೇಬೇಕು.