ಪದಚರ್ಚೆ: Mask ಅಂದರೆ ಮುಸುಕೋ ಮರೆಯೋ? (ಗುಂಪು ಫೋಟೋದಲ್ಲಿ ಒಬ್ಬರ ಸೀರೆಯ ಬಣ್ಣ)

ಸುಮಾ:

ಎಲ್ಲರಿಗೂ ನಮಸ್ಕಾರ. ಫೋಟೋ ಕೆಲಸ ಕಲಿಯುವ ಹುಡುಗರಿಗೆ GIMP ಎಂಬ ಫೋಟೋ ತಿದ್ದುವ ತಂತ್ರಾಂಶದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಒಬ್ಬರ ಬಣ್ಣ ಮಾತ್ರ ಬದಲಿಸುವುದು’ ಎಂಬ ತಲೆಬರಹದ ಪಾಠದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಗೃಹಪ್ರವೇಶದ ಫೋಟೋ, ಒಂಬತ್ತು ಜನ. ನಡುವೆ ನಿಂತ ಅತ್ತೆಯದು ಕೆಂಪು ಸೀರೆ, ಪಕ್ಕದ ನಾದಿನಿಯದೂ ಹೆಚ್ಚುಕಡಿಮೆ ಅದೇ ಕೆಂಪು. ಅತ್ತೆಯ ಸೀರೆ ಮಾತ್ರ ಹಸಿರಾಗಬೇಕು, ಮಿಕ್ಕ ಎಂಟು ಜನರ ಮೈಬಣ್ಣ, ಬಟ್ಟೆ ಒಂದು ಕೂದಲೆಳೆಯೂ ಅಲುಗಬಾರದು.

ಕೆಲಸ ಮಾಡುವ ಬಗೆ ಗೊತ್ತು. ಚಿತ್ರದ ಪದರವನ್ನು ನಕಲು ಮಾಡಿ, ಮೇಲಿನ ನಕಲಿನಲ್ಲಿ Hue-Saturation ತೆರೆದು Hue ಅನ್ನು 120ಕ್ಕೆ ಎಳೆದರೆ ಕೆಂಪು ಹಸಿರಾಗುತ್ತದೆ. ಆಮೇಲೆ ಆ ಪದರಕ್ಕೆ ಕಪ್ಪು Layer Mask ಹಾಕಿ, ಸೀರೆಯಿರುವ ಕಡೆ ಬಿಳಿ ಕುಂಚ ಆಡಿಸುವುದು. ಈ Mask ಅನ್ನು ‘ಮುಸುಕು’ ಎಂದು ಬರೆದೆ. ನನ್ನ ವಿದ್ಯಾರ್ಥಿಯೊಬ್ಬ ಕೇಳಿದ: “ಮೇಡಂ, ಮುಸುಕು ಹಾಕೋದು ಬೇರೆಯವರನ್ನ ಕಾಪಾಡೋಕೆ ತಾನೆ? ಹಾಗಿದ್ರೆ ಮುಸುಕನ್ನು ಎಂಟು ಜನರ ಮೇಲೆ ಬಳಿಯಬೇಕಲ್ಲ, ಸೀರೆ ಮೇಲೆ ಯಾಕೆ ಬಳೀತೀವಿ?” ಉತ್ತರ ಕೊಡಲು ತಡವರಿಸಿದೆ. ‘ಮರೆ’ ಸರಿಯಾದೀತೆ? ಬೇರೆ ಪದ ಉಂಟೆ?

ವೆಂಕಟೇಶ:

ಪದವೇ ಬೇಡ ಮೇಡಂ. Hue-Saturation ಪೆಟ್ಟಿಗೆಯಲ್ಲಿ R ಗುಂಡಿ ಒತ್ತಿ. ಕೆಂಪಿಗೆ ಮಾತ್ರ ತಗಲುತ್ತದೆ, ಬೇರೆ ಬಣ್ಣ ತಾನಾಗೇ ಉಳಿಯುತ್ತದೆ. ಎರಡು ನಿಮಿಷದ ಕೆಲಸ.

ಇರ್ಫಾನ್:

ವೆಂಕಟೇಶ್ ಅವರೇ, ಎರಡು ನಿಮಿಷದಲ್ಲಿ ನಾದಿನಿಯ ಸೀರೆಯೂ ಹಸಿರಾಗುತ್ತದಲ್ಲ! ಅದೊಂದೇ ಅಲ್ಲ. ನಮ್ಮ ಜನರ ಮೈಬಣ್ಣ ಇರುವುದೇ ಕೆಂಪು ಮತ್ತು ಹಳದಿಯ ನಡುವೆ. R ಒತ್ತಿ ಎಳೆದರೆ ತುಟಿ, ಕುಂಕುಮ, ಕಿವಿಯ ತುದಿ ಮೊದಲು ಹೋಗುತ್ತವೆ, ಹಿಂದೆಯೇ ಕೆನ್ನೆ. ಮದುವೆ ಆಲ್ಬಂ ಕೆಲಸ ಮಾಡುವ ನಮಗೆ ಇದು ದಿನದ ಪಾಡು. R ಗುಂಡಿಯಿಂದ ಲಾಭವಿಲ್ಲ ಅಂತಲ್ಲ. ಸೀರೆಯ ಜರಿ ಹಳದಿ, ಅದು ಹಳದಿಯಾಗಿಯೇ ಉಳಿಯಲು R ನೆರವಾಗುತ್ತದೆ. ಇಲ್ಲದಿದ್ದರೆ ಸೀರೆ ಹಸಿರಾಗುವಾಗ ಜರಿ ನೀಲಿಯತ್ತ ತಿರುಗುತ್ತದೆ. ಆದರೆ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಕುಂಚದಿಂದಲೇ.

ಇನ್ನು ಸುಮಾ ಅವರ ವಿದ್ಯಾರ್ಥಿಯ ಪ್ರಶ್ನೆ. ಹುಡುಗ ಜಾಣ, ಆದರೆ ಮುಸುಕು ಯಾರ ಮೇಲಿದೆ ಎಂಬುದರಲ್ಲಿ ಎಡವಿದ್ದಾನೆ. ಮುಸುಕು ಬಿದ್ದಿರುವುದು ಜನರ ಮೇಲಲ್ಲ, ಹಸಿರು ಮಾಡಿದ ಪದರದ ಮೇಲೆ. ಕಪ್ಪು Mask ಅಂದರೆ ಆ ಹಸಿರು ಪದರ ಪೂರ್ತಿ ಮುಸುಕಿನೊಳಗಿದೆ, ಕೆಳಗಿನ ಮೂಲ ಫೋಟೋ ಕಾಣುತ್ತಿದೆ. ಬಿಳಿ ಬಳಿದ ಕಡೆ ಮುಸುಕು ಸರಿದು ಹಸಿರು ಇಣುಕುತ್ತದೆ. “ಸೀರೆಯ ಮೇಲೆ ಮುಸುಕು ಬಳಿ” ಎಂದು ಬರೆಯಬೇಡಿ. “ಸೀರೆಯ ಮೇಲಿನ ಮುಸುಕು ಸರಿಸು” ಎಂದು ಬರೆಯಿರಿ. ತಪ್ಪು ನಾಮಪದದಲ್ಲಿಲ್ಲ, ಕ್ರಿಯಾಪದದಲ್ಲಿದೆ.

ಲಲಿತಾ:

ಇರ್ಫಾನ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುವೆ. ‘ಮರೆ’ ಅಂದರೆ ಇದೆ ಅಥವಾ ಇಲ್ಲ, ಅರ್ಧ ಮರೆ ಎಂಬುದನ್ನು ಎಳೆದು ಹೇಳಬೇಕಾಗುತ್ತದೆ. ‘ಮುಸುಕು’ ಹಾಗಲ್ಲ. ತೆಳು ಮುಸುಕು, ದಟ್ಟ ಮುಸುಕು ಎನ್ನಬಹುದು. ಮಂಜು ಮುಸುಕಿದರೆ ಗುಡ್ಡ ಪೂರ್ತಿ ಮಾಯವಾಗುವುದಿಲ್ಲ. Mask ನಲ್ಲಿ ಬೂದುಬಣ್ಣವೂ ಉಂಟಲ್ಲವೆ? ಸೆರಗಿನ ಅಂಚಿನಲ್ಲಿ, ಕೂದಲು ಸೀರೆಯ ಮೇಲೆ ಬಿದ್ದ ಕಡೆ ಅದು ಬೇಕೇ ಬೇಕು. ನನ್ನ ಮತ ಮುಸುಕಿಗೆ.

ಬಸವರಾಜ:

ಸಂದರ್ಭ ಬಂತು ಅಂತ ನನ್ನದೊಂದು ಕೇಳ್ತೀನಿ. ನಮ್ಮ ಶಾಲೆಯ ಗುಂಪು ಫೋಟೋದಾಗ ಒಬ್ಬ ಹುಡುಗ ಬಿಳಿ ಅಂಗಿ ಹಾಕ್ಕೊಂಡು ಬಂದಾನ, ಉಳಿದವರೆಲ್ಲ ನೀಲಿ. Hue ಎಷ್ಟು ಎಳೆದರೂ ಅಂಗಿ ಬಿಳಿಯಾಗೇ ಅದ. ಕಂಪ್ಯೂಟರ್ ಕೆಟ್ಟದ ಏನು?

ಇರ್ಫಾನ್:

ಕಂಪ್ಯೂಟರ್ ಸರಿಯಾಗಿದೆ ಸರ್. Hue ಇರುವ ಬಣ್ಣವನ್ನು ತಿರುಗಿಸುತ್ತದೆ. ಬಿಳಿಯಲ್ಲಿ ತಿರುಗಿಸಲು ಏನೂ ಇಲ್ಲ. ಅಂಗಿಯ ಮೇಲೆ ಹೊಸ ಪದರದಲ್ಲಿ ನೀಲಿ ತುಂಬಿ, ಪದರದ Mode ಅನ್ನು Multiply ಮಾಡಿ. ಮಡಿಕೆಗಳ ನೆರಳು ಉಳಿದು ನೀಲಿ ಬರುತ್ತದೆ. ನೀಲಿಯನ್ನು ಪಕ್ಕದ ಹುಡುಗನ ಅಂಗಿಯಿಂದಲೇ ಆರಿಸಿಕೊಳ್ಳಿ, ಆದರೆ ಬೆಳಕು ಬಿದ್ದ ಜಾಗದಿಂದ. ನೆರಳಿನ ನೀಲಿ ಆರಿಸಿದರೆ ಅಂಗಿ ಮಸಿಯಾಗುತ್ತದೆ.

ಲಲಿತಾ:

ಬಸವರಾಜ ಸರ್ ದಾರಿ ತಪ್ಪಿಸಿದರು ಅಂದುಕೊಂಡೆ, ಆದರೆ ಅವರ ಅಂಗಿ ಒಂದು ಪದವನ್ನು ಹೊಡೆದುಹಾಕಿತು! Hue ಗೆ ಬರಿದೇ ‘ಬಣ್ಣ’ ಎಂದು ಬರೆಯುವವರಿದ್ದಾರೆ. ಕನ್ನಡದಲ್ಲಿ ಬಿಳಿಯೂ ಬಣ್ಣವೇ, ಕಪ್ಪೂ ಬಣ್ಣವೇ. ಹಾಗಾಗಿ ‘ಬಣ್ಣ ತಿರುಗಿಸು’ ಎಂದರೆ ಬಿಳಿಯೂ ತಿರುಗಬೇಕೆಂದು ಓದುಗ ಕಾಯುತ್ತಾನೆ. Saturation ಗೆ ‘ಕಡು’ ಎನ್ನುವುದೂ ಇಂಥದ್ದೇ ಗೊಂದಲ. ಕಡುಗೆಂಪು ಅಂದಾಗ ಒಬ್ಬರು ಕತ್ತಲೆಯ ಕೆಂಪು ಅಂದುಕೊಳ್ಳುತ್ತಾರೆ, ಇನ್ನೊಬ್ಬರು ಕಣ್ಣು ಕುಕ್ಕುವ ಕೆಂಪು. ಅವು ಪೆಟ್ಟಿಗೆಯಲ್ಲಿ ಬೇರೆ ಬೇರೆ ಪಟ್ಟಿಗಳು.

ಸುಮಾ:

ಅದೇ ಗೊಂದಲ ನನಗೂ ಬಿತ್ತು. ಸೀರೆ ಹಸಿರಾದಾಗ ಅದು ಮಿಕ್ಕವರಿಗಿಂತ ಹೆಚ್ಚು ಬೆಳಗಿ, ಅಂಟಿಸಿದ ಹಾಗೆ ಕಾಣಿಸಿತು. “ಕಡು ಕಡಿಮೆ ಮಾಡು” ಎಂದು ಬರೆದೆ. ಹುಡುಗರು Saturation ಇಳಿಸಿದರು, ಸೀರೆ ಮಾಸಿತು, ಬೆಳಗುವುದು ನಿಲ್ಲಲಿಲ್ಲ.

ಇರ್ಫಾನ್:

ಕಾರಣ ಸುಲಭ. ನಮ್ಮ ಕಣ್ಣಿಗೆ ಕೆಂಪಿಗಿಂತ ಹಸಿರು ಹೆಚ್ಚು ಹೊಳೆಯುತ್ತದೆ. `#c81e1e` ಕೆಂಪನ್ನು ಕಪ್ಪು-ಬಿಳುಪು ಮಾಡುವ ಸಾಮಾನ್ಯ ಲೆಕ್ಕದಲ್ಲಿ ನೋಡಿದರೆ 255ಕ್ಕೆ 81ರಷ್ಟು ಬೆಳಕು. 120 ತಿರುಗಿಸಿದಾಗ ಸಿಗುವ `#1ec81e` ಹಸಿರಿಗೆ 130. ಹಸಿರು ಪದರದ Mode ಅನ್ನು LCh Color ಮಾಡಿ ನೋಡಿ. ಬಣ್ಣ ಮೇಲಿನದು, ಬೆಳಕು-ನೆರಳು ಕೆಳಗಿನ ಮೂಲದ್ದು. ಸೀರೆ ಫೋಟೋದೊಳಗೆ ಕೂರುತ್ತದೆ.

ಕೆಲಸ ಮುಗಿದ ಮೇಲೆ ಪರೀಕ್ಷೆಗೆ ಮೂಲ ಫೋಟೋದ ಇನ್ನೊಂದು ನಕಲನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಅದರ Mode ಅನ್ನು Difference ಮಾಡಿ. ಸೀರೆ ಬಿಟ್ಟು ಉಳಿದದ್ದು ಅಪ್ಪಟ ಕಪ್ಪಾಗಿರಬೇಕು. ಯಾರದೋ ಮೊಣಕೈ ಮಿಣುಕಿದರೆ ಕುಂಚ ಜಾರಿದೆ ಅಂತ ಅರ್ಥ. ನೋಡಿದ ಮೇಲೆ ಆ ನಕಲನ್ನು ಅಳಿಸಿ. ಸೀರೆ ಬದಲಿಸಿದ ನಂತರ ಇಡೀ ಚಿತ್ರಕ್ಕೆ ತಾನಾಗಿ ಬಣ್ಣ ಸರಿಪಡಿಸುವ ಗುಂಡಿ ಮಾತ್ರ ಒತ್ತಬೇಡಿ. ಅದು ಚಿತ್ರದಲ್ಲಿರುವ ಎಲ್ಲ ಬಣ್ಣ ನೋಡಿ ಲೆಕ್ಕ ಹಾಕುತ್ತದೆ. ಒಂದು ಕೆಂಪು ಸೀರೆ ಹಸಿರಾದದ್ದಕ್ಕೆ ಒಂಬತ್ತೂ ಮುಖ ಬೇರೆಯಾದಾವು.

ಸುಮಾ:

Difference ಮಾಡಿದೆ, ಎಂಟೂ ಜನ ಕಪ್ಪು. ಆದರೂ ಫೋಟೋ ಸರಿ ಕಾಣುತ್ತಿಲ್ಲ. ಅತ್ತೆಯ ಎಡಕ್ಕೆ ನಿಂತ ಮಾವನ ಬಿಳಿ ಪಂಚೆಯ ಒಂದು ಮಗ್ಗುಲು ನಸುಗೆಂಪಾಗಿದೆ.

ಇರ್ಫಾನ್:

ಅದನ್ನೇ ನಾವು ಸ್ಟುಡಿಯೊದಲ್ಲಿ ‘ಕೆಂಪು ಹೊಡೀತಿದೆ’ ಅನ್ನುವುದು. ಬಿಸಿಲಲ್ಲಿ ಸೀರೆಯ ಕೆಂಪು ಪಂಚೆಗೆ ಹೊಡೆದಿತ್ತು. ಸೀರೆ ಹಸಿರಾಯಿತು, ಹೊಡೆದದ್ದು ಉಳಿಯಿತು. ಅತ್ತೆಯ ಗದ್ದದ ಕೆಳಗೂ ನೋಡಿ, ಇದ್ದೀತು. ಪಂಚೆಯ ಆ ಮಗ್ಗುಲಿಗೆ ಇನ್ನೊಂದು ಪದರ, ತೆಳು ಮುಸುಕು, ಕೆಂಪಿನ Saturation ಸ್ವಲ್ಪ ಇಳಿಸಿ. ಗದ್ದದಲ್ಲಿ ಇನ್ನೂ ಕಡಿಮೆ, ಇಲ್ಲದಿದ್ದರೆ ಚರ್ಮ ಬೂದಿ ಬಳಿದಂತಾಗುತ್ತದೆ.

ವೆಂಕಟೇಶ:

ಅಂದರೆ ಬೇರೆಯವರನ್ನು ಮುಟ್ಟಲೇಬೇಕಾಯಿತು. ಪಾಠದ ತಲೆಬರಹವೇ ಸುಳ್ಳಾಯಿತಲ್ಲ!

ಲಲಿತಾ:

ತಲೆಬರಹದ ಮಾತು ಸುಮಾ ನೋಡಿಕೊಳ್ಳಲಿ. ನನಗೆ ‘ಹೊಡೆ’ ಇಷ್ಟವಾಯಿತು. “ಎಳೆಬಿಸಿಲು ಮುಖಕ್ಕೆ ಹೊಡೆಯಿತು” ಅನ್ನುವ ಹೊಡೆತವೇ ಇದು. ಕೈಪಿಡಿಯಲ್ಲಿ ‘ಪ್ರತಿಫಲಿತ ವರ್ಣ’ ಎಂದು ಬರೆದರೆ ಯಾರೂ ಪಂಚೆಯತ್ತ ನೋಡುವುದಿಲ್ಲ. ಆದರೆ ನಾಮಪದ ಬೇಕಾದಾಗ ಏನು ಮಾಡೋಣ? ‘ಬಣ್ಣದ ಹೊಡೆತ’ ಅಂದರೆ ಸೀರೆ ಯಾರಿಗೋ ಬಾರಿಸಿದ ಹಾಗಿದೆ.

ಸುಮಾ:

ಕ್ರಿಯಾಪದವಾಗಿಯೇ ಇಟ್ಟುಕೊಳ್ಳುತ್ತೇನೆ, ಸದ್ಯಕ್ಕೆ. Mask ಗೆ ಮುಸುಕು, ‘ಸರಿಸು’ ಜೊತೆಗೆ. Hue ಗೆ ಇನ್ನೂ ಏನೂ ಸಿಕ್ಕಿಲ್ಲ, ಹೇಳುವವರು ಹೇಳಿ. ಇನ್ನೊಂದು: ಪಂಚೆಗೆ ಹೊಡೆದದ್ದು ಅತ್ತೆಯ ಕೆಂಪೋ ನಾದಿನಿಯ ಕೆಂಪೋ? ನಾದಿನಿ ನಿಂತದ್ದು ಬಲಕ್ಕೆ, ಆದರೂ ಅನುಮಾನ. ಅವಳದ್ದಾದರೆ ಅದನ್ನು ತೆಗೆಯಬಾರದಲ್ಲ?

ಇರ್ಫಾನ್:

ಮೂಲ ಫೋಟೋ ಹಿಗ್ಗಿಸಿ ನೋಡಿ. ಕೆಂಪು ಅತ್ತೆಯ ಕಡೆಯ ಮಗ್ಗುಲಲ್ಲಿ ಹೆಚ್ಚಿದ್ದು, ಆಚೆಗೆ ಹೋದಂತೆ ಕರಗಿದರೆ ಅತ್ತೆಯದೇ. ಪಂಚೆ ತುಂಬ ಒಂದೇ ಸಮ ಇದ್ದರೆ ನೆಲದಿಂದ ಬಂದದ್ದಿರಬಹುದು. ಅಂಗಳಕ್ಕೆ ಕೆಂಪು ಗಾರೆ ಹಾಕಿದ್ದಾರೆಯೇ?